ಇಸಿಜಿ ನಾರ್ಮಲ್, ಆದರೂ ಎದೆ ಡವಡವ: ಮೊದಲು ದಿನದ ಕೆಫೀನ್ ಲೆಕ್ಕ ಕೊಡಿ

ಪ್ರಶ್ನೆ: ಡಾಕ್ಟ್ರೇ, ನನಗೆ 28 ವರ್ಷ. ಎಲೆಕ್ಟ್ರಾನಿಕ್ ಸಿಟಿಯಲ್ಲಿ ಕೆಲಸ, ಮಧ್ಯಾಹ್ನದಿಂದ ರಾತ್ರಿವರೆಗಿನ ಶಿಫ್ಟ್. ಎರಡು ತಿಂಗಳಿಂದ ರಾತ್ರಿ 1 ಗಂಟೆಗೆ ಮಲಗಿದ ತಕ್ಷಣ ಎದೆ ಡವಡವ ಅಂತ ಹೊಡೆದುಕೊಳ್ಳುತ್ತೆ, ಕೈ ನಡುಗುತ್ತೆ, ಸತ್ತೇ ಹೋಗ್ತೀನಿ ಅನ್ನಿಸುತ್ತೆ. ಎರಡು ಸಲ ಎಮರ್ಜೆನ್ಸಿಗೆ ಹೋದೆ. ಇಸಿಜಿ, ಎಕೋ, ಥೈರಾಯ್ಡ್ ಎಲ್ಲ ನಾರ್ಮಲ್, ‘ಟೆನ್ಷನ್’ ಅಂತ ಕಳಿಸಿದರು. ನನಗೆ ಯಾವ ಟೆನ್ಷನ್ನೂ ಇಲ್ಲ. ಬೆಳಗ್ಗೆ 10ಕ್ಕೆ ಎರಡು ಲೋಟ ಫಿಲ್ಟರ್ ಕಾಫಿ, ಸಂಜೆ 4ಕ್ಕೆ ಆಫೀಸಿನ ಮಷೀನ್ ಕಾಫಿ, 6ಕ್ಕೊಂದು 9ಕ್ಕೊಂದು ಎನರ್ಜಿ ಡ್ರಿಂಕ್. ಇದು ವರ್ಷಗಳ ಅಭ್ಯಾಸ, ಹಾಗಾಗಿ ಕಾರಣ ಅದಲ್ಲ. ಸಿಗರೇಟ್ ಕೂಡ ಮೂರು ತಿಂಗಳ ಹಿಂದೆ ಬಿಟ್ಟಿದ್ದೇನೆ. ಕಾಫಿ ಮುಟ್ಟದ ಒಂದು ಭಾನುವಾರವೂ ಹೀಗೇ ಆಯಿತು. ಹಾರ್ಟ್‌ನಲ್ಲಿ ಏನೋ ಮಿಸ್ ಆಗಿದೆಯಾ?

ಉತ್ತರ: ಇಂಥ ಪತ್ರ ನನಗೆ ಪದೇ ಪದೇ ಬರುತ್ತದೆ. ಎಲ್ಲರೂ ರಿಪೋರ್ಟುಗಳ ಫೋಟೊ ಕಳಿಸುತ್ತಾರೆ, ದಿನಕ್ಕೆ ಏನೇನು ಕುಡಿಯುತ್ತೇವೆ ಅಂತ ಬರೆಯುವುದಿಲ್ಲ. ನೀವು ಬರೆದಿದ್ದೀರಿ, ಗಂಟೆಯ ಸಮೇತ. ಉತ್ತರ ಅಲ್ಲೇ ಇದೆ. ಆದರೆ ‘ವರ್ಷಗಳ ಅಭ್ಯಾಸ, ಹಾಗಾಗಿ ಅದಲ್ಲ’ ಅಂತ ನೀವೇ ತೀರ್ಪು ಕೊಟ್ಟುಬಿಟ್ಟಿದ್ದೀರಿ. ಅಲ್ಲೇ ಎಡವಿದ್ದು. ಕುಡಿಯುವುದು ಬದಲಾಗಿಲ್ಲ, ನಿಜ. ಅದನ್ನು ಕರಗಿಸುವ ನಿಮ್ಮ ಲಿವರ್ ಬದಲಾಗಿದೆ.

ಸಿಗರೇಟಿನ ಹೊಗೆಯಲ್ಲಿರುವ ಕೆಲವು ರಾಸಾಯನಿಕಗಳು ಲಿವರ್‌ನ ಒಂದು ಕಿಣ್ವವನ್ನು ಚುರುಕು ಮಾಡುತ್ತವೆ. ಕೆಫೀನನ್ನು ಒಡೆಯುವುದೂ ಅದೇ ಕಿಣ್ವ. ಸಿಗರೇಟ್ ಸೇದುವವರಲ್ಲಿ ಕೆಫೀನ್ ಬೇಗ ಖಾಲಿಯಾಗುತ್ತದೆ, ಬಿಟ್ಟವರಲ್ಲಿ ವಾರದೊಳಗೇ ಆ ಚುರುಕು ಇಳಿದುಹೋಗುತ್ತದೆ. ಆಮೇಲೆ ಅದೇ ಕಾಫಿ, ಅದೇ ಕ್ಯಾನ್, ಆದರೆ ರಕ್ತದಲ್ಲಿ ಉಳಿಯುವ ಕೆಫೀನ್ ಹೆಚ್ಚು ಕಡಿಮೆ ಎರಡರಷ್ಟು. ಸಿಗರೇಟ್ ಬಿಟ್ಟಿದ್ದಕ್ಕೇ ಆತಂಕ ಶುರುವಾಯಿತು ಅಂದುಕೊಂಡು ಮತ್ತೆ ಹಚ್ಚುವವರನ್ನು ನಾನು ನೋಡಿದ್ದೇನೆ. ದಯವಿಟ್ಟು ಆ ಕೆಲಸ ಮಾಡಬೇಡಿ. ಇಳಿಸಬೇಕಾದದ್ದು ಕೆಫೀನನ್ನು.

ನಿಮ್ಮ ದಿನದ ಲೆಕ್ಕ ಹಾಕೋಣ. ರಾಷ್ಟ್ರೀಯ ಪೋಷಣಾ ಸಂಸ್ಥೆ 2024ರಲ್ಲಿ ಕೊಟ್ಟ ಮಾರ್ಗಸೂಚಿಯ ಪ್ರಕಾರ 150 ಎಂಎಲ್ ಬ್ರೂ ಮಾಡಿದ ಕಾಫಿಯಲ್ಲಿ 80ರಿಂದ 120 ಮಿಲಿಗ್ರಾಂ ಕೆಫೀನ್ ಇರುತ್ತದೆ, ಇನ್‌ಸ್ಟಂಟ್ ಕಾಫಿಯಲ್ಲಿ 50ರಿಂದ 65. ಎನರ್ಜಿ ಡ್ರಿಂಕಿಗೆ ನಮ್ಮ ದೇಶದಲ್ಲಿ ಲೀಟರಿಗೆ 300 ಮಿಲಿಗ್ರಾಂ ಮಿತಿ ಇದೆ, ಅಂದರೆ 250 ಎಂಎಲ್ ಕ್ಯಾನಿಗೆ 75ರವರೆಗೆ. ಬೆಳಗ್ಗೆ 200, ಸಂಜೆ 60, ಎರಡು ಕ್ಯಾನಿನಿಂದ 150. ಒಟ್ಟು 410 ಆಯಿತು. ಅದೇ ಮಾರ್ಗಸೂಚಿ ದಿನಕ್ಕೆ 300 ದಾಟಬೇಡಿ ಅನ್ನುತ್ತದೆ.

ಆದರೆ ಒಟ್ಟು ಲೆಕ್ಕಕ್ಕಿಂತ ಮುಖ್ಯವಾದದ್ದು ರಾತ್ರಿ 1 ಗಂಟೆಯ ಲೆಕ್ಕ. ಸಿಗರೇಟ್ ಸೇದದ ಆರೋಗ್ಯವಂತರಲ್ಲಿ ಕೆಫೀನ್ ಅರ್ಧಕ್ಕೆ ಇಳಿಯಲು ಸುಮಾರು 5 ಗಂಟೆ ಬೇಕು. ಸೇದುವವರಲ್ಲಿ 3 ಗಂಟೆ ಅಂತ ಹಿಡಿಯಿರಿ. ನೀವು ಸೇದುತ್ತಿದ್ದಾಗ, ಇಷ್ಟೆಲ್ಲ ಕುಡಿದೂ ಮಲಗುವ ಹೊತ್ತಿಗೆ ಮೈಯಲ್ಲಿ ಉಳಿಯುತ್ತಿದ್ದದ್ದು 60 ಮಿಲಿಗ್ರಾಂ ಆಸುಪಾಸು. ಈಗ 110ರ ಹತ್ತಿರ ಉಳಿಯುತ್ತದೆ, ಅದರಲ್ಲಿ ದೊಡ್ಡ ಪಾಲು ಆ ಎರಡು ಕ್ಯಾನಿನದ್ದೇ. ಅಂದರೆ ದಿನಾ ರಾತ್ರಿ ಒಂದು ಲೋಟ ಸ್ಟ್ರಾಂಗ್ ಫಿಲ್ಟರ್ ಕಾಫಿಯನ್ನು ಒಳಗಿಟ್ಟುಕೊಂಡೇ ಲೈಟ್ ಆರಿಸುತ್ತಿದ್ದೀರಿ. ಇದು ಅಂದಾಜು ಲೆಕ್ಕ, ಮನುಷ್ಯರಿಂದ ಮನುಷ್ಯರಿಗೆ ಜಾಸ್ತಿ ಕಮ್ಮಿ ಇರುತ್ತದೆ. ಆದರೂ ಎರಡರ ನಡುವಿನ ಅಂತರ ಸಣ್ಣದಲ್ಲ.

ಇನ್ನು ಎದೆ ಯಾಕೆ ಹೊಡೆದುಕೊಳ್ಳುತ್ತದೆ ಅನ್ನುವುದು. ನಾವು ಎಚ್ಚರ ಇದ್ದಷ್ಟು ಹೊತ್ತು ಮಿದುಳಿನಲ್ಲಿ ಅಡೆನೊಸಿನ್ ಅನ್ನುವ ವಸ್ತು ಸೇರುತ್ತಾ ಹೋಗುತ್ತದೆ. ಅದರಿಂದಲೇ ಜೋಂಪು ಬರುವುದು, ಮೈ ಸಡಿಲವಾಗುವುದು. ಕೆಫೀನ್ ಅಡೆನೊಸಿನ್ ಕೂರಬೇಕಾದ ಜಾಗದಲ್ಲಿ ತಾನು ಕೂತುಬಿಡುತ್ತದೆ. ದಣಿವು ಹೋಗುವುದಿಲ್ಲ, ದಣಿವಿನ ಸುದ್ದಿ ತಲುಪುವುದಿಲ್ಲ ಅಷ್ಟೇ. ಜೊತೆಗೆ ಅಡ್ರಿನಲಿನ್ ಏರುತ್ತದೆ. ಹೆದರಿದಾಗ ಏರುವುದೂ ಇದೇ ಅಡ್ರಿನಲಿನ್. ಆದ್ದರಿಂದ ನಡುಕ, ಬೆವರು, ಹೊಟ್ಟೆಯಲ್ಲಿ ಕಳವಳ, ಎದೆಬಡಿತ ಎಲ್ಲವೂ ಹೆದರಿಕೆಯಲ್ಲಿ ಹೇಗೋ ಇಲ್ಲೂ ಹಾಗೇ. ನಿಮಗೆ ಟೆನ್ಷನ್ ಇಲ್ಲ ಅಂದಿರಲ್ಲ, ನಾನು ನಂಬುತ್ತೇನೆ. ಶುರುವಾಗುವುದಕ್ಕೆ ಟೆನ್ಷನ್ ಬೇಕಾಗಿಯೇ ಇಲ್ಲ.

ಟೆನ್ಷನ್ ಬರುವುದು ಆಮೇಲೆ. ಹಗಲು ಗಲಾಟೆಯಲ್ಲಿ ಎದೆಬಡಿತ ಗೊತ್ತಾಗುವುದಿಲ್ಲ, ರಾತ್ರಿ ದಿಂಬಿಗೆ ಕಿವಿ ಒತ್ತಿ, ಅದರಲ್ಲೂ ಎಡಮಗ್ಗುಲಿಗೆ ಮಲಗಿದರೆ ಒಂದೊಂದು ಬಡಿತವೂ ಕೇಳುತ್ತದೆ. ಕೆಫೀನಿನಿಂದ ಎಷ್ಟೋ ಜನರಿಗೆ ಬಡಿತದ ವೇಗ ಅಷ್ಟೇನೂ ಏರುವುದಿಲ್ಲ, ಬಡಿತ ಜೋರಾಗಿ ತಿಳಿಯುತ್ತದೆ. ‘ಇದೇನು ಹಾರ್ಟ್ ಅಟ್ಯಾಕಾ’ ಅಂತ ಗಾಬರಿಯಾದ ಕೂಡಲೇ ಅಡ್ರಿನಲಿನ್ ಇನ್ನಷ್ಟು ಸುರಿಯುತ್ತದೆ, ಈಗ ವೇಗವೂ ಏರುತ್ತದೆ, ಅದನ್ನು ನೋಡಿ ಗಾಬರಿ ಮತ್ತೂ ಜಾಸ್ತಿ, ಕೆಲವೇ ನಿಮಿಷದಲ್ಲಿ ಪ್ಯಾನಿಕ್ ತುದಿ ಮುಟ್ಟುತ್ತದೆ. ನಿದ್ದೆ ಕೆಡುತ್ತದೆ. ಮರುದಿನ ಕಣ್ಣು ತೂಗುತ್ತದೆ ಅಂತ ಸಂಜೆ 6ಕ್ಕೆ ಮತ್ತೆ ಕ್ಯಾನ್.

ಆ ಭಾನುವಾರದ ವಿಷಯ. ಎರಡು ಸಾಧ್ಯತೆ ಇದೆ. ಒಂದು, ಕಾಫಿ ಮುಟ್ಟಲಿಲ್ಲ ಅಂದಿರಿ, ಟೀ, ಕೋಲಾ, ಗ್ರೀನ್ ಟೀ, ಜಿಮ್‌ನ ಪ್ರಿ-ವರ್ಕೌಟ್ ಪುಡಿ, ತಲೆನೋವಿನ ಮಾತ್ರೆ? ಕೆಲವು ತಲೆನೋವಿನ ಮಾತ್ರೆಗಳಲ್ಲಿ ಪ್ಯಾರಾಸಿಟಮಾಲ್ ಜೊತೆ ಕೆಫೀನ್ ಸೇರಿಸಿರುತ್ತಾರೆ, ಸ್ಟ್ರಿಪ್ ತಿರುಗಿಸಿ ಓದಿ. ಇನ್ನೊಂದು, ನಿಮ್ಮ ಮೈ ಈಗ ಆ ಹಾಸಿಗೆಯನ್ನೂ ಆ ಗಂಟೆಯನ್ನೂ ಹೆದರಿಕೆಗೆ ಗಂಟು ಹಾಕಿಕೊಂಡಿದೆ. ಒಮ್ಮೆ ಹಾಗಾದರೆ ಕೆಫೀನ್ ಇಲ್ಲದ ದಿನವೂ ಸಣ್ಣ ಬಡಿತ ಸಾಕು. ಪ್ಯಾನಿಕ್ ತೊಂದರೆ ಮೊದಲೇ ಇರುವವರಿಗೆ ಅಧ್ಯಯನಗಳಲ್ಲಿ ಒಂದೇ ಸಲಕ್ಕೆ 400 ಮಿಲಿಗ್ರಾಂ ಅಥವಾ ಅದಕ್ಕೂ ಹೆಚ್ಚು ಕೆಫೀನ್ ಕೊಟ್ಟಾಗ ಸುಮಾರು ಅರ್ಧದಷ್ಟು ಜನರಿಗೆ ಪ್ಯಾನಿಕ್ ಬಂದಿದೆ. ಪ್ಯಾನಿಕ್ ತೊಂದರೆ ಇಲ್ಲದವರಲ್ಲಿ ಇದು ಅಪರೂಪ.

ಈಗ ಮಾಡಬೇಕಾದ್ದು. ಎಲ್ಲವನ್ನೂ ನಾಳೆಯೇ ನಿಲ್ಲಿಸಬೇಡಿ. ಒಮ್ಮೆಲೇ ಬಿಟ್ಟರೆ 12ರಿಂದ 24 ಗಂಟೆಯೊಳಗೆ ತಲೆನೋವು, ಸಿಡುಕು, ಸುಸ್ತು ಶುರುವಾಗಿ ಒಂದೆರಡು ದಿನ ಜೋರಾಗಿ, ವಾರದವರೆಗೂ ಎಳೆಯಬಹುದು. ಅದನ್ನೇ ಹೊಸ ಕಾಯಿಲೆ ಅಂದುಕೊಂಡು ನೀವು ಮತ್ತೆ ಎಮರ್ಜೆನ್ಸಿಗೆ ಓಡುತ್ತೀರಿ. ಮೊದಲು 9 ಗಂಟೆಯ ಕ್ಯಾನ್ ಬಿಡಿ. ಮೂರು ನಾಲ್ಕು ದಿನ ಬಿಟ್ಟು 6 ಗಂಟೆಯದ್ದು. ಇನ್ನಷ್ಟು ದಿನಕ್ಕೆ ಮಷೀನ್ ಕಾಫಿ. ಕೊನೆಗೆ ಬೆಳಗ್ಗಿನ ಎರಡು ಲೋಟವನ್ನು ಒಂದು ಮಾಡಿ, ಆಮೇಲೆ ಅದನ್ನೂ ಬೈ-ಟು ಅಳತೆಗೆ ಇಳಿಸಿ ನಿಲ್ಲಿಸಿ. ತಲೆನೋವು ಬಂದರೆ ಬರೀ ಪ್ಯಾರಾಸಿಟಮಾಲ್.

ಪೂರ್ತಿ ನಿಲ್ಲಿಸಿ ಒಂದು ತಿಂಗಳು ನೋಡಿ. ಒಂದು ಪುಸ್ತಕದಲ್ಲಿ ಏನು, ಯಾವಾಗ ಕುಡಿದಿರಿ, ಬಡಿತ ಯಾವಾಗ ಬಂತು ಅಂತ ಬರೆಯಿರಿ. ಬಂದಾಗ ಮಣಿಕಟ್ಟಿನಲ್ಲಿ 30 ಸೆಕೆಂಡ್ ನಾಡಿ ಎಣಿಸಿ ಎರಡರಿಂದ ಗುಣಿಸಿ, ಒಂದೇ ಸಲ ಸಾಕು. ವಾಚ್ ನೋಡುತ್ತಾ ಕೂರಬೇಡಿ, ಅದು ಬೆಂಕಿಗೆ ತುಪ್ಪ. ತಿಂಗಳಾದ ಮೇಲೂ ಪ್ಯಾನಿಕ್ ಬರುತ್ತಲೇ ಇದ್ದರೆ ಅದು ಕೆಫೀನ್ ಮಾತ್ರ ಅಲ್ಲ, ಪ್ಯಾನಿಕ್ ಡಿಸಾರ್ಡರ್ ಇರಬಹುದು. ಅದಕ್ಕೆ ಸಿಬಿಟಿ ಅನ್ನುವ ಮಾತಿನ ಚಿಕಿತ್ಸೆ ಇದೆ, ಔಷಧಿಯೂ ಇದೆ, ಚೆನ್ನಾಗಿಯೇ ಕೆಲಸ ಮಾಡುತ್ತವೆ. ಎಲ್ಲಿಂದ ಶುರು ಮಾಡುವುದು ಗೊತ್ತಾಗದಿದ್ದರೆ 14416ಕ್ಕೆ, ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ-ಮನಸ್‌ಗೆ, ಫೋನ್ ಮಾಡಿ. ಕನ್ನಡದಲ್ಲೇ ಮಾತಾಡುತ್ತಾರೆ.

ಒಂದು ಎಚ್ಚರಿಕೆಯನ್ನು ಗಟ್ಟಿಯಾಗಿಯೇ ಹೇಳುತ್ತೇನೆ. ನಿಮ್ಮ ಇಸಿಜಿ ತೆಗೆದದ್ದು ಬಡಿತ ಇಳಿದ ಮೇಲಾದರೆ ಅದು ಆ ಕ್ಷಣದ ಚಿತ್ರ ಮಾತ್ರ. ಆತಂಕದ ಬಡಿತ ನಿಧಾನವಾಗಿ ಏರಿ ನಿಧಾನವಾಗಿ ಇಳಿಯುತ್ತದೆ. ಸ್ವಿಚ್ ಒತ್ತಿದ ಹಾಗೆ ತಟ್ಟನೆ 160, 180ಕ್ಕೆ ಹೋಗಿ ತಟ್ಟನೆ ನಿಂತರೆ ಅದು ಹೃದಯದ ಲಯದ ತೊಂದರೆ ಇರಬಹುದು. ಹಾಗಾದಾಗ, ಅಥವಾ ತಲೆ ಸುತ್ತಿ ಬಿದ್ದರೆ, ಮೆಟ್ಟಿಲು ಹತ್ತುವಾಗ ಎದೆ ನೋವು ಬಂದರೆ, ಮನೆಯಲ್ಲಿ ಯಾರಾದರೂ ಚಿಕ್ಕ ವಯಸ್ಸಿನಲ್ಲಿ ಹಠಾತ್ ತೀರಿಕೊಂಡಿದ್ದರೆ ನನ್ನ ಈ ಉತ್ತರ ಬದಿಗಿಟ್ಟು ಹೃದಯದ ಡಾಕ್ಟರ ಹತ್ತಿರ ಹೋಗಿ, ಇಡೀ ದಿನ ಇಸಿಜಿ ದಾಖಲಿಸುವ 24 ಗಂಟೆಯ ಹೋಲ್ಟರ್ ಬೇಕಾ ಅಂತ ಕೇಳಿ.

ಪ್ರಶ್ನೆ: ಎನರ್ಜಿ ಡ್ರಿಂಕ್ ಕುಡಿದ ಮೇಲೆ ಒಂದು ಲೀಟರ್ ನೀರು ಅಥವಾ ಮಜ್ಜಿಗೆ ಕುಡಿದರೆ ಕೆಫೀನ್ ತೊಳೆದುಹೋಗುತ್ತಾ?

ಉತ್ತರ: ಇಲ್ಲ. ಕೆಫೀನನ್ನು ಕರಗಿಸುವುದು ಲಿವರ್, ಅದು ತನ್ನ ವೇಗದಲ್ಲೇ ಮಾಡುತ್ತದೆ.

ಪ್ರಶ್ನೆ: ಮಗನಿಗೆ 15 ವರ್ಷ, ಎಸ್ಸೆಸ್ಸೆಲ್ಸಿ. ರಾತ್ರಿ ಓದಲು ದಿನಕ್ಕೆ ಒಂದೇ ಕ್ಯಾನ್ ಕೊಡಬಹುದಾ?

ಉತ್ತರ: ಬೇಡ. ಮಕ್ಕಳಿಗಲ್ಲ ಅಂತ ಕ್ಯಾನಿನ ಮೇಲೇ ಅಚ್ಚಾಗಿದೆ. ಅವನು ಮಲಗಲಿ.

ಪ್ರಶ್ನೆ: ಎದೆಬಡಿತಕ್ಕೆ ಒಬ್ಬರು ನಾಡಿ ಹಿಡಿದು ‘ಹೃದಯ ವೀಕ್, ನರ ವೀಕ್’ ಅಂದು ಮೂರು ತಿಂಗಳ ಪುಡಿ ಕೊಟ್ಟಿದ್ದಾರೆ. ಫ್ರೆಂಡ್ ತನ್ನ ಆಲ್‌ಪ್ರಜೋಲಾಮ್ ಮಾತ್ರೆ ಅರ್ಧ ತಗೋ ಅಂತಾನೆ. ಯಾವುದು ಒಳ್ಳೇದು?

ಉತ್ತರ: ಎರಡೂ ಬೇಡ. ನರ ವೀಕ್ ಅನ್ನುವುದು ಇಂದಿನ ವೈದ್ಯಶಾಸ್ತ್ರ ಒಪ್ಪುವ ಕಾಯಿಲೆಯ ಹೆಸರಲ್ಲ, ಆ ಪುಡಿಯಲ್ಲಿ ಏನಿದೆ ಅಂತ ಕೊಟ್ಟವರು ಬರೆದುಕೊಡಲು ಒಪ್ಪುತ್ತಾರಾ ಕೇಳಿ ನೋಡಿ. ಆಲ್‌ಪ್ರಜೋಲಾಮ್ ಅರ್ಧ ಗಂಟೆಯಲ್ಲಿ ಹಾಯೆನಿಸುತ್ತದೆ, ಅಪಾಯ ಇರುವುದೇ ಅಲ್ಲಿ. ಕೆಲವೇ ವಾರಗಳಲ್ಲಿ ಅದಿಲ್ಲದೆ ಆಗುವುದಿಲ್ಲ ಅನ್ನುವ ಸ್ಥಿತಿಗೆ ಬಂದು, ಬಿಡಲು ಹೋದಾಗ ಮೊದಲಿಗಿಂತ ಜೋರಾಗಿ ಎದೆ ಹೊಡೆದುಕೊಳ್ಳುವವರನ್ನು ನಾನು ಕ್ಲಿನಿಕ್‌ನಲ್ಲಿ ನೋಡುತ್ತಲೇ ಇದ್ದೇನೆ. ಹಗಲು ಕ್ಯಾನ್, ರಾತ್ರಿ ಆ ಮಾತ್ರೆ ಅಂತ ಸಾಗಿಸುವವರೂ ಇದ್ದಾರೆ. ಬೇರೆಯವರ ಚೀಟಿಯ ಮಾತ್ರೆ ಮುಟ್ಟಬೇಡಿ. ನೀವು ದಿನಕ್ಕೆ ಏನೇನು ಕುಡಿಯುತ್ತೀರಿ ಅಂತ ಬರೆದೇ ಇಲ್ಲ, ಗಂಟೆಯ ಸಮೇತ ಬರೆದು ಕಳಿಸಿ.