ರಿಟರ್ನ್ ಗಡುವಿನ ಸಂದೇಶದಲ್ಲಿ ದಂಡ ಕೊನೆಗೆ ಬರಲಿ

ಪ್ರಶ್ನೆ: ತುಮಕೂರಿನ ಒಂದು ತೆರಿಗೆ ಸಲಹಾ ಕಚೇರಿಯಲ್ಲಿ ಕೆಲಸ ಮಾಡ್ತೀನಿ. ವಾಟ್ಸಾಪ್‌ಗೆ ‘ಕೊನೆ ದಿನ ಹತ್ತಿರ, ತಪ್ಪಿದರೆ 5,000 ದಂಡ’ ಅಂತ ಕೆಂಪು ಅಕ್ಷರದಲ್ಲಿ ಹಾಕಿದ್ದೆ. ರಾತ್ರಿ ಒಂಬತ್ತಕ್ಕೆ ಒಬ್ಬರು ನಿವೃತ್ತ ಮೇಷ್ಟ್ರು ಫೋನ್ ಮಾಡಿ, ನನಗೂ ನೋಟಿಸ್ ಬಂತಾ ಅಂತ ಗಾಬರಿಯಾದರು. ಮೆತ್ತಗೆ ಬರೆದರೆ ಯಾರೂ ಬರಲ್ಲ. ಏನು ಬರೆಯಲಿ?

ಉತ್ತರ: ಮೊದಲು ಆ ಮೇಷ್ಟ್ರ ಲೆಕ್ಕ ಹಾಕಿ ನೋಡೋಣ. ಅಂಕಿಗಳು ನನ್ನ ಊಹೆ. ಪಿಂಚಣಿ ತಿಂಗಳಿಗೆ 36,000, ಅಂದರೆ ವರ್ಷಕ್ಕೆ 4,32,000. ಬ್ಯಾಂಕ್ ಠೇವಣಿಯ ಬಡ್ಡಿ 1,20,000. ಹೊಸ ಪದ್ಧತಿಯಲ್ಲಿ 75,000 ಸ್ಟ್ಯಾಂಡರ್ಡ್ ಡಿಡಕ್ಷನ್ ಕಳೆದರೆ 4,77,000 ಉಳಿಯುತ್ತದೆ. ರಿಬೇಟ್ ಇರುವುದರಿಂದ ತೆರಿಗೆ ಸೊನ್ನೆ. ಆದರೆ ಬ್ಯಾಂಕಿನವರು ಬಡ್ಡಿಯ ಮೇಲೆ ಶೇ 10ರಂತೆ 12,000 ಟಿಡಿಎಸ್ ಹಿಡಿದಿರುತ್ತಾರೆ. ಆ 12,000 ಮೇಷ್ಟ್ರಿಗೆ ವಾಪಸ್ ಬರಬೇಕಾದ ದುಡ್ಡು. ರಿಟರ್ನ್ ಹಾಕದೆ ಅದು ಬರಲ್ಲ.

ಗಡುವು ತಪ್ಪಿದರೆ ಅವರಿಗೆ ಬೀಳುವ ಲೇಟ್ ಫೀ ಎಷ್ಟು? 1,000. ಒಟ್ಟು ಆದಾಯ 5 ಲಕ್ಷ ದಾಟಿದವರಿಗೆ ಮಾತ್ರ 5,000. ಆದಾಯ ತೆರಿಗೆ ಮಿತಿಯೊಳಗೇ ಇದ್ದು, ರಿಟರ್ನ್ ಕಡ್ಡಾಯವೇ ಅಲ್ಲದವರಿಗೆ ಅದೂ ಇಲ್ಲ. ಅಂದರೆ ನಿಮ್ಮ ಕೆಂಪು ಅಕ್ಷರ ಮೇಷ್ಟ್ರಿಗೆ ಸುಮ್ನೆ ಐದು ಪಟ್ಟು ಹೆದರಿಕೆ ಕೊಟ್ಟಿತು. ವಾಪಸ್ ಬರುವ 12,000ದ ಸುದ್ದಿಯನ್ನೇ ಎತ್ತಲಿಲ್ಲ. ಜನ ಕಾಗದ ಹಿಡ್ಕೊಂಡು ಕಚೇರಿಗೆ ಬರೋದು ಆ ಸುದ್ದಿಗೇ ಅಲ್ವಾ?

ಒಂದೇ ಸಂದೇಶವನ್ನು ಎಲ್ಲರಿಗೂ ಕಳಿಸಬೇಡಿ. ಕೊಬ್ಬರಿ ಮಾರಿ ಬದುಕುವ ತಿಪಟೂರಿನ ರೈತರಿಗೂ ಅದೇ ಹೋದರೆ, ಅವರೂ ಮೇಷ್ಟ್ರ ಹಾಗೆಯೇ ಫೋನ್ ಮಾಡುತ್ತಾರೆ. ಸಂಬಳದವರು ಮತ್ತು ಪಿಂಚಣಿದಾರರದೊಂದು ಪಟ್ಟಿ, ಅಂಗಡಿ ವ್ಯಾಪಾರದವರದು ಇನ್ನೊಂದು. ಮೊದಲ ಪಟ್ಟಿಗೆ ಹೀಗೆ ಬರೆಯಬಹುದು:

“ನಮಸ್ಕಾರ. ಸಂಬಳ, ಪಿಂಚಣಿಯವರು ಆದಾಯ ತೆರಿಗೆ ರಿಟರ್ನ್ ಹಾಕಲು ಸರ್ಕಾರದ ಕೊನೆ ದಿನ ಜುಲೈ 31. ಬ್ಯಾಂಕಿನಲ್ಲಿ ಟಿಡಿಎಸ್ ಹಿಡಿದಿದ್ದರೆ ಆ ಹಣ ವಾಪಸ್ ಬರುವುದೂ ಇದರಿಂದಲೇ. ಫಾರ್ಮ್ 16 ಅಥವಾ ಪಿಂಚಣಿ ವಿವರ ಮತ್ತು ಎಲ್ಲಾ ಬ್ಯಾಂಕ್ ಖಾತೆಗಳ ಬಡ್ಡಿ ವಿವರ ಜುಲೈ 20ರೊಳಗೆ ಕೊಟ್ಟರೆ ನಿಧಾನವಾಗಿ ಸರಿ ನೋಡಿ ಹಾಕಬಹುದು. ಅದು ನಮ್ಮ ಕಚೇರಿಯ ಅನುಕೂಲದ ದಿನ ಅಷ್ಟೆ. ಜುಲೈ 31 ದಾಟಿದರೂ ಡಿಸೆಂಬರ್ 31ರವರೆಗೆ ಅವಕಾಶ ಇದೆ, ಆದಾಯಕ್ಕೆ ತಕ್ಕಂತೆ ಲೇಟ್ ಫೀ ಇರುತ್ತದೆ. ಈಗಾಗಲೇ ಕೊಟ್ಟಿದ್ದರೆ ಇದನ್ನು ಬಿಟ್ಟುಬಿಡಿ.”

ಇಲ್ಲಿ ಎರಡು ದಿನಾಂಕ ಬೇರೆ ಬೇರೆ ಇಟ್ಟಿದ್ದೇನೆ. ತುಂಬಾ ಕಚೇರಿಗಳು ತಮ್ಮ 20ನೇ ತಾರೀಖನ್ನೇ ಸರ್ಕಾರದ್ದು ಅನ್ನುವಂತೆ ಬರೆಯುತ್ತವೆ. ಗಿರಾಕಿಗೆ ಒಮ್ಮೆ ಗೊತ್ತಾದರೆ ಮುಂದಿನ ವರ್ಷ ನಿಮ್ಮ ಯಾವ ದಿನಾಂಕವನ್ನೂ ನಂಬಲ್ಲ. ‘ಹೇಗೂ ಮುಂದಕ್ಕೆ ಹೋಗುತ್ತೆ ಬಿಡಿ’ ಅಂತಲೂ ಹೇಳಬೇಡಿ. 2025ರಲ್ಲಿ ಜುಲೈ 31ರಿಂದ ಸೆಪ್ಟೆಂಬರ್ 15ಕ್ಕೆ ಹೋಯಿತು, ಆಮೇಲೆ ಒಂದೇ ಒಂದು ದಿನ ಸಿಕ್ಕಿತು. ಅದು ಆ ವರ್ಷದ ಮಾತು. ಸಂದೇಶ ಕಳಿಸುವ ದಿನವೇ incometax.gov.in ನೋಡಿ ದಿನಾಂಕ ಖಚಿತ ಮಾಡಿಕೊಳ್ಳಿ. ವ್ಯಾಪಾರದವರ ದಿನವನ್ನೂ ಅಲ್ಲೇ ನೋಡಿ ಬೇರೆಯಾಗಿ ಬರೆಯಿರಿ.

ಒಂದು ಗುಂಪಿಗೆ ಮಾತ್ರ ಸ್ವಲ್ಪ ಗಟ್ಟಿಯಾಗಿ ಹೇಳಲೇಬೇಕು. ಮನೆ ಸಾಲದ ಬಡ್ಡಿ, ಬಾಡಿಗೆ ಭತ್ಯೆ ಅಂತ ಹಳೆ ಪದ್ಧತಿಯಲ್ಲೇ ಲಾಭ ಇರುವ ಸಂಬಳದವರು. ಗಡುವು ದಾಟಿ ಹಾಕುವ ರಿಟರ್ನ್‌ನಲ್ಲಿ ಅವರಿಗೆ ಹಳೆ ಪದ್ಧತಿ ಆರಿಸಿಕೊಳ್ಳಲು ಆಗುವುದಿಲ್ಲ. ಲೇಟ್ ಫೀಗಿಂತ ಇದರ ನಷ್ಟವೇ ಜಾಸ್ತಿಯಾಗಬಹುದು. ಇಂಥವರು ನಿಮ್ಮಲ್ಲಿ ಎಷ್ಟು ಜನ ಇದ್ದಾರು? ಒಬ್ಬೊಬ್ಬರಿಗೇ ಫೋನ್ ಮಾಡಿ ಹೇಳಿಬಿಡಿ.

ಸಂದೇಶದಲ್ಲಿ ಲಿಂಕ್ ಹಾಕಬೇಡಿ. ‘ರೀಫಂಡ್ ಬಂದಿದೆ, ಇಲ್ಲಿ ಒತ್ತಿ’ ಅನ್ನುವ ಮೋಸದ ಸಂದೇಶಗಳು ಬರುವುದೂ ಇದೇ ಹೊತ್ತಿಗೆ. ಕಚೇರಿಯ ಹೆಸರು, ಗಿರಾಕಿ ಈಗಾಗಲೇ ಸೇವ್ ಮಾಡಿಕೊಂಡಿರುವ ನಂಬರ್ ಇದ್ದರೆ ಸಾಕು. ‘ಪಾಸ್‌ವರ್ಡ್ ಅಥವಾ ಒಟಿಪಿಯನ್ನು ವಾಟ್ಸಾಪ್‌ನಲ್ಲಿ ಕಳಿಸಬೇಡಿ’ ಅನ್ನೋ ಸಾಲು ಮಾತ್ರ ಸೇರಿಸಿ.

ಜೂನ್ 15ರ ಹೊತ್ತಿಗೆ ಫಾರ್ಮ್ 16 ಕೈಗೆ ಬರುತ್ತದೆ. ಮೊದಲ ಸಂದೇಶ ಅದಾದ ವಾರಕ್ಕೆ ಹೋಗಲಿ, ಎರಡನೆಯದು ಜುಲೈ 10ರ ಸುಮಾರಿಗೆ. ಮೂರನೆಯದು ಕಾಗದ ಕೊಡದವರಿಗೆ ಮಾತ್ರ. ರಿಟರ್ನ್ ಹಾಕಿದ ಮೇಲೆ ಇನ್ನೊಂದು ಬೇಕು, ಇದನ್ನು ಎಲ್ಲರೂ ಮರೆಯುತ್ತಾರೆ: “ನಿಮ್ಮ ರಿಟರ್ನ್ ಹಾಕಿದ್ದೇವೆ. 30 ದಿನದೊಳಗೆ ಇ-ವೆರಿಫೈ ಆಗಬೇಕು. ಆಧಾರ್‌ಗೆ ಜೋಡಿಸಿದ ಮೊಬೈಲ್ ತಗೊಂಡು ಒಮ್ಮೆ ಬನ್ನಿ, ಐದು ನಿಮಿಷದ ಕೆಲಸ.” 30 ದಿನ ದಾಟಿ ವೆರಿಫೈ ಮಾಡಿದರೆ, ಮಾಡಿದ ದಿನವನ್ನೇ ರಿಟರ್ನ್ ಹಾಕಿದ ದಿನ ಅಂತ ಲೆಕ್ಕ ಹಿಡಿಯುತ್ತಾರೆ. ಜುಲೈ 25ಕ್ಕೇ ಹಾಕಿದ್ದ ಮೇಷ್ಟ್ರು ಸೆಪ್ಟೆಂಬರ್‌ನಲ್ಲಿ ಬಂದರೆ 12,000ದಲ್ಲಿ ಸಾವಿರ ಹೋಯಿತು.