ಮೂರು ವರ್ಷದ ಮಗುವಿಗೆ ಮನೆಯಲ್ಲೇ ಸ್ಪ್ಯಾನಿಷ್

ನನಗೇ ಸ್ಪ್ಯಾನಿಷ್ ಅಷ್ಟಕ್ಕಷ್ಟೆ. ಮೂರು ವರ್ಷದ ಮಗಳಿಗೆ ಮನೆಯಲ್ಲಿ ಹೇಗೆ ಶುರು ಮಾಡಲಿ?

ಬಿಡಿ ಪದಗಳಿಂದ ಬೇಡ. ದಿನವೂ ನಡೆಯುವ ಒಂದು ಕೆಲಸಕ್ಕೆ ಎರಡು ಮೂರು ಪೂರ್ತಿ ವಾಕ್ಯಗಳನ್ನು ಅಂಟಿಸಿ. ನಾನು ಸ್ನಾನದಿಂದ ಶುರು ಮಾಡಿದೆ. ಕೈ ತೊಳೆಯುವಾಗ ‘ದಾಮೆ ಲಾ ಮಾನೊ’ (ಕೈ ಕೊಡು), ಕಾಲಿಗೆ ‘ದಾಮೆ ಎಲ್ ಪಿಯೆ’. ನೀರು ಹಾಕುವಾಗ ‘ಊನೊ, ದೋಸ್, ತ್ರೇಸ್’ ಎಂದು ಯಾವುದಾದರೂ ರಾಗದಲ್ಲಿ ಎಣಿಸಿ, ಮೂರಕ್ಕೆ ಸರಿಯಾಗಿ ಸುರಿಯಿರಿ. ಮಗು ಆ ‘ತ್ರೇಸ್’ಗೇ ಕಾಯುತ್ತದೆ.

‘ಲಾ’, ‘ಎಲ್’ ಬಿಡಬೇಡಿ; ಸಾಮಾನ್ಯವಾಗಿ ‘ಲಾ’ ಸ್ತ್ರೀಲಿಂಗ ಪದದ ಮುಂದೆ, ‘ಎಲ್’ ಪುಲ್ಲಿಂಗ ಪದದ ಮುಂದೆ ಬರುತ್ತದೆ. ಒಕಾರದಲ್ಲಿ ಮುಗಿಯುವ ಪದಗಳು ಹೆಚ್ಚಾಗಿ ಪುಲ್ಲಿಂಗ, ಆದರೆ ‘ಮಾನೊ’ ಸ್ತ್ರೀಲಿಂಗ. ಜೊತೆಯಲ್ಲೇ ಕೇಳಿದ ಮಗು ನಿಯಮ ಕಲಿಯದೆಯೇ ಸರಿಯಾಗಿ ಹೇಳುತ್ತದೆ.

ಉಚ್ಚಾರಣೆಯಲ್ಲಿ ಕನ್ನಡ ನಮಗೆ ದೊಡ್ಡ ಆಸರೆ: ಅ, ಎ, ಇ, ಒ, ಉ ಸ್ವರಗಳೂ ಉಸಿರಿಲ್ಲದ ಪ, ತ, ಕಗಳೂ ಹೆಚ್ಚುಕಡಿಮೆ ಹಾಗೇ ಹೊಂದುತ್ತವೆ. ತಪ್ಪುವುದು ಇಂಗ್ಲಿಷಿನಂತೆ ಓದಿದಾಗ. hola ಎಂಬುದು ‘ಓಲಾ’, vamos ಎಂಬುದು ‘ಬಾಮೋಸ್’. ಹಾಗಾಗಿ ಹೊಸ ವಾಕ್ಯವನ್ನು ಸ್ಪ್ಯಾನಿಷ್ ಮಾತೃಭಾಷಿಕರ ಧ್ವನಿಯಲ್ಲಿ ಕೇಳಿಸಿಕೊಂಡ ಮೇಲೇ ಮಗುವಿಗೆ ಹೇಳಿ.

ಆಟಕ್ಕೆ ಒಂದು ಶೂ ಬಚ್ಚಿಡಿ. ‘ದೋಂದೆ ಎಸ್ತಾ ಎಲ್ ಸಪಾತೊ?’ (ಶೂ ಎಲ್ಲಿ?) ಸಿಕ್ಕಾಗ ‘ಅಕೀ ಎಸ್ತಾ!’ ಮರುವಾರ ಶೂ ಬದಲು ಚೆಂಡು, ‘ಲಾ ಪೆಲೋತಾ’.

‘ಸ್ಪ್ಯಾನಿಷಲ್ಲಿ ಹೇಳು ನೋಡೋಣ’ ಎಂದು ಪರೀಕ್ಷೆ ಮಾಡಿದರೆ ಮಗು ಬಾಯಿ ಮುಚ್ಚಿಕೊಳ್ಳುತ್ತದೆ. ಬದಲಿಗೆ ಕೈಸನ್ನೆ ಮಾಡದೆ ‘ದಾಮೆ ಲಾ ಪೆಲೋತಾ’ ಅನ್ನಿ. ಚೆಂಡು ತಂದುಕೊಟ್ಟರೆ ಅರ್ಥವಾಗಿದೆ. ಜೊತೆಗೆ ‘ತಗೊಳ್ಳಮ್ಮ’ ಎಂದು ಕನ್ನಡದಲ್ಲಿ ಹೇಳಿದರೂ ಚಿಂತಿಸಬೇಡಿ.