70 ಪರ್ಸೆಂಟ್ ಆಫ್ ಶೂ: ಪರ್ಸೆಂಟ್ ಬಿಡಿ, ಸೈಜ್ ನೋಡಿ

ಸಂಪಾದಕರೇ, ನಾನು ವಾರಕ್ಕೆ ನಾಲ್ಕು ದಿನ ಓಡುತ್ತೇನೆ, ಒಟ್ಟು 20 ಕಿ.ಮೀ. ಆಗಬಹುದು. ಮುಂದೆ ಹಾಫ್ ಮ್ಯಾರಥಾನ್ ಓಡುವ ಆಸೆ ಇದೆ. ಹಬ್ಬದ ಸೇಲ್‌ನಲ್ಲಿ ಎರಡು ಶೂ ಕಣ್ಣಿಗೆ ಬಿದ್ದಿವೆ. ಒಂದು ಹೋದ ವರ್ಷದ ಮಾಡೆಲ್, 11,999 ರೂಪಾಯಿಯದ್ದು 5,999ಕ್ಕೆ. ಇನ್ನೊಂದು ಅದೇ ಕಂಪನಿಯದ್ದು, 6,999 ರೂಪಾಯಿಯದ್ದು 2,099ಕ್ಕೆ, 70 ಪರ್ಸೆಂಟ್ ಆಫ್ ಅಂತೆ. ಇಷ್ಟು ಕಡಿಮೆಗೆ ಕೊಡ್ತಾರೆ ಅಂದ್ರೆ ಮಾಲಿನಲ್ಲಿ ಏನೋ ದೋಷ ಇರಲೇಬೇಕು ಅನ್ನುತ್ತಾನೆ ನಮ್ಮಣ್ಣ. ನಿಜವಾ? ಹಳೇ ಮಾಡೆಲ್ ತಗೊಂಡರೆ ನಷ್ಟವಾ? ಎರಡು ಜೊತೆ ತಗೊಂಡು ಒಂದನ್ನು ಎತ್ತಿಡಬಹುದಾ? ಸೇಲ್ ಮಾಲು ವಾಪಸ್ ಇಲ್ಲ ಅಂತ ಬೇರೆ ಬರೆದಿದ್ದಾರೆ.
– ಓದುಗರೊಬ್ಬರು, ಉಡುಪಿ

ನಮಸ್ಕಾರ. ಅನುಮಾನ ಪಡುವುದರಲ್ಲಿ ನಿಮ್ಮಣ್ಣನ ತಪ್ಪೇನಿಲ್ಲ. ಆದರೆ ಅವರು ನೋಡುತ್ತಿರುವುದು ಪರ್ಸೆಂಟನ್ನು. ನೀವು ಪರ್ಸೆಂಟ್ ಬಿಟ್ಟು ಸೈಜ್ ನೋಡಿ.

ಎರಡೂ ಶೂಗಳ ಪುಟ ತೆರೆದು, ಯಾವ ಯಾವ ಸೈಜ್ ಉಳಿದಿವೆ ಅಂತ ನೋಡಿ. ಮೊದಲನೆಯದರಲ್ಲಿ 6, 11, 12 ಇವೆ, ನಡುವಿನ 8, 9 ಖಾಲಿ ಅಥವಾ ಒಂದೇ ಬಣ್ಣದಲ್ಲಿ ಮಾತ್ರ ಇದೆ ಅಂತಿಟ್ಟುಕೊಳ್ಳಿ. ಅದು ನಿಜವಾಗಿಯೂ ಉಳಿದ ಮಾಲು. ಅಂಗಡಿಯವರು ಇದಕ್ಕೆ ಕಟ್ ಸೈಜ್ ಅನ್ನುತ್ತಾರೆ. ಹೊಸ ಮಾಡೆಲ್ ಬಂದಿದೆ, ಗೋದಾಮಿನಲ್ಲಿ ಜಾಗ ಬೇಕು, ಅರ್ಧಂಬರ್ಧ ಸೈಜ್‌ಗಳನ್ನು ಇಟ್ಟುಕೊಂಡು ಯಾರೂ ಕೂರುವುದಿಲ್ಲ, ಅದಕ್ಕೇ ಬೆಲೆ ಇಳಿಸುತ್ತಾರೆ. ಮಾಲಿನ ಗುಣಮಟ್ಟಕ್ಕೂ ಇದಕ್ಕೂ ಸಂಬಂಧ ಇಲ್ಲ. ನಿಮ್ಮ ಸೈಜ್ ಸಿಕ್ಕಿದರೆ ಅದೃಷ್ಟ.

ಇನ್ನು ಎರಡನೆಯದು. ಅದರಲ್ಲಿ ಎಲ್ಲ ಸೈಜೂ ಇದ್ದು, ಐದಾರು ಬಣ್ಣವೂ ಇದ್ದು, ಸೇಲ್ ಮುಗಿದ ಮೇಲೂ ಹೆಚ್ಚುಕಮ್ಮಿ ಅದೇ ಬೆಲೆಗೆ ಸಿಗುತ್ತಿದ್ದರೆ ಅದು ಉಳಿದ ಮಾಲಲ್ಲ. ಅದು 2,000 ರೂಪಾಯಿಯ ಶೂ, ಅಷ್ಟೇ. 6,999 ಅನ್ನುವುದು ಡಬ್ಬಿಯ ಮೇಲೆ ಮುದ್ರಿಸಿದ ಅಂಕಿ. ಎಂಆರ್‌ಪಿಗಿಂತ ಜಾಸ್ತಿಗೆ ಮಾರಬಾರದು ಅನ್ನುತ್ತದೆ ಕಾನೂನು. ಆದರೆ ಇಂಥ ಮಾಲಿಗೆ ಎಂಆರ್‌ಪಿ ಎಷ್ಟಿರಬೇಕು ಅಂತ ಯಾರೂ ಗೊತ್ತು ಮಾಡುವುದಿಲ್ಲ, ತಯಾರಕರು ಮನಸ್ಸಿಗೆ ಬಂದಷ್ಟು ಬರೆದುಕೊಳ್ಳಬಹುದು. ವರ್ಷವಿಡೀ 70 ಪರ್ಸೆಂಟ್ ಆಫ್‌ನಲ್ಲಿ ಸಿಗುವ ವಸ್ತುವಿಗೆ ಆಫ್ ಅನ್ನುವುದೇ ಇಲ್ಲ, ಅಲ್ವಾ? ದೋಷ ಇರಲೇಬೇಕು ಅಂತೇನಿಲ್ಲ. ಆದರೆ ಅದನ್ನು 7,000ದ ಶೂ ಅಂದುಕೊಂಡು ಕೊಳ್ಳಬೇಡಿ, ಬೇರೆ ಕಂಪನಿಗಳ 2,000–2,500ರ ಶೂಗಳ ಜೊತೆ ಇಟ್ಟು ನೋಡಿ.

ಇನ್ನೊಂದು ಪರೀಕ್ಷೆ ಇದೆ, ಇದು ಔಟ್‌ಲೆಟ್‌ಗಳಲ್ಲಿ ಜಾಸ್ತಿ ಉಪಯೋಗಕ್ಕೆ ಬರುತ್ತದೆ. ಬೆಂಗಳೂರಿನ ಮಾರತ್‌ಹಳ್ಳಿಯ ಫ್ಯಾಕ್ಟರಿ ಔಟ್‌ಲೆಟ್‌ಗಳ ಸಾಲು ನಿಮಗೆ ಗೊತ್ತಿರಬಹುದು. ಅಂಥ ಕಡೆ ಉಳಿದ ಮಾಲೂ ಇರುತ್ತದೆ, ಔಟ್‌ಲೆಟ್‌ಗೆಂದೇ ತಯಾರಿಸಿದ ಮಾಲೂ ಇರಬಹುದು. ದೂರದಿಂದ ಎರಡೂ ಒಂದೇ ಥರ ಕಾಣುತ್ತವೆ. ಶೂ ನಾಲಿಗೆಯ ಒಳಗೆ ಒಂದು ಚಿಕ್ಕ ಲೇಬಲ್ ಹೊಲಿದಿರುತ್ತಾರೆ, ಅದರಲ್ಲಿ ಮಾಡೆಲ್ ನಂಬರ್ ಇರುತ್ತದೆ. ನೈಕಿಯದಾದರೆ ಆರು ಅಕ್ಷರ-ಅಂಕಿ, ಒಂದು ಅಡ್ಡಗೆರೆ, ಆಮೇಲೆ ಮೂರು ಅಂಕಿ. ಮೊದಲ ಭಾಗ ಶೂವಿನ ಗುರುತು, ಕೊನೆಯ ಮೂರು ಅಂಕಿ ಬಣ್ಣದ್ದು. ಅಡಿಡಾಸ್‌ನದು ಆರು ಅಕ್ಷರ-ಅಂಕಿಗಳ ಒಂದೇ ಗುಂಪು. ಅದನ್ನು ಹಾಗೆಯೇ ಫೋನಿನಲ್ಲಿ ಹುಡುಕಿ. ಹೋದ ವರ್ಷದ ವಿಮರ್ಶೆ, ಪೂರ್ತಿ ಬೆಲೆಗೆ ಮಾರಿದ ಪುಟ, ಬೇರೆ ದೇಶದ ಅಂಗಡಿ ಏನಾದರೂ ಸಿಕ್ಕರೆ ಅದು ಮಾಮೂಲಿ ಮಾಡೆಲ್. ಔಟ್‌ಲೆಟ್ ಬಿಟ್ಟು ಬೇರೆಲ್ಲೂ ಅದರ ಸುಳಿವೇ ಇಲ್ಲದಿದ್ದರೆ ಎಂಆರ್‌ಪಿಯನ್ನು ಮರೆತು, ಕೈಯಲ್ಲಿರುವ ಶೂ ನೋಡಿ ಬೆಲೆ ಕಟ್ಟಿ. ಹಾಗೇ ಡಬ್ಬಿಯ ನಂಬರೂ ನಾಲಿಗೆಯ ನಂಬರೂ ಒಂದೇನಾ ನೋಡಿ. ಬೇರೆ ಬೇರೆ ಇದ್ದರೆ ಡಬ್ಬಿ ಅದಲುಬದಲಾಗಿದೆ, ಇಲ್ಲವೇ ಮಾಲೇ ನಕಲಿ.

ಹಳೇ ಮಾಡೆಲ್ ತಗೊಂಡರೆ ನಷ್ಟವಾ ಅಂದಿರಿ. ಹಿಂದಿನ ಮಾಡೆಲ್‌ಗೂ ಹೊಸದಕ್ಕೂ ಏನು ವ್ಯತ್ಯಾಸ ಅನ್ನುವುದರ ಮೇಲಿದೆ. ಓಟದ ಶೂಗಳಲ್ಲಿ ಒಂದೇ ಹೆಸರಿಟ್ಟುಕೊಂಡು ವರ್ಷಕ್ಕೋ ಒಂದೂವರೆ ವರ್ಷಕ್ಕೋ ನಂಬರ್ ಮಾತ್ರ ಏರಿಸುತ್ತಾರೆ. ಕೆಲವು ಸಲ ಬದಲಾಗುವುದು ಮೇಲಿನ ಬಟ್ಟೆ, ಲೇಸಿನ ಜಾಗ, ಬಣ್ಣ, ಅಷ್ಟೇ. ಕೆಲವು ಸಲ ಅಡಿಯ ಫೋಮೇ ಬದಲಾಗುತ್ತದೆ. ನೈಕಿಯ ಪೆಗಾಸಸ್ ತಗೊಳ್ಳಿ. 39ರಿಂದ 40ಕ್ಕೆ ಹೋದಾಗ ಮುಖ್ಯವಾಗಿ ಬದಲಾಗಿದ್ದು ಮೇಲ್ಭಾಗ, ಒಳಗಿದ್ದದ್ದು ಅದೇ ರಿಯಾಕ್ಟ್ ಫೋಮ್. 2024ರಲ್ಲಿ ಬಂದ 41ರಲ್ಲಿ ಫೋಮ್ ಬದಲಾಗಿ ರಿಯಾಕ್ಟ್‌ಎಕ್ಸ್ ಆಯಿತು. ಅಂದರೆ 40 ಬಂದಾಗ ಅರ್ಧ ಬೆಲೆಗೆ 39 ಸಿಕ್ಕವರಿಗೆ ಕಾಲಡಿಯಲ್ಲಿ ಏನೂ ಕಳೆದುಹೋಗಲಿಲ್ಲ. 41 ಬಂದ ಮೇಲೆ 40 ಕೊಂಡವರಿಗೆ ಸಿಕ್ಕಿದ್ದು ಸ್ವಲ್ಪ ಬೇರೆ ಥರದ ಶೂ, ಕೆಟ್ಟ ಶೂ ಅಲ್ಲ. ಆಸಿಕ್ಸ್‌ನ ಜೆಲ್ ನಿಂಬಸ್ 24ರಿಂದ 25ಕ್ಕೆ ಬಂದಾಗಂತೂ ಶೂವಿನ ಸ್ವರೂಪವೇ ಬದಲಾಯಿತು, ಅಡಿಭಾಗ ದಪ್ಪವಾಯಿತು. ಹಳೆಯದೇ ಕಾಲಿಗೆ ಒಗ್ಗಿದ್ದವರು ಅದನ್ನೇ ಹುಡುಕಿಕೊಂಡು ಹೋಗಲು ಇದೂ ಒಂದು ಕಾರಣ. ನಿಮ್ಮ ಮಾಡೆಲ್‌ನ ಹೊಸ ನಂಬರಿನ ವಿಮರ್ಶೆ ಓದಿ, ಅದರಲ್ಲಿ ಹಳೆಯದಕ್ಕೂ ಇದಕ್ಕೂ ಏನು ವ್ಯತ್ಯಾಸ ಅಂತ ಬರೆದೇ ಇರುತ್ತಾರೆ.

ನಿಜವಾಗಿ ಹುಷಾರಾಗಿರಬೇಕಾದದ್ದು ವಯಸ್ಸಿನ ವಿಷಯದಲ್ಲಿ. ಪ್ಯಾಕ್ ಮಾಡಿದ ಮಾಲಿನ ಡಬ್ಬಿಯ ಮೇಲೆ ತಯಾರಾದ ತಿಂಗಳು, ವರ್ಷ ಇರಬೇಕು ಅನ್ನುವ ನಿಯಮ ಇದೆ. ಆದರೆ ಆನ್‌ಲೈನ್ ಪುಟದಲ್ಲಿ ಎಂಆರ್‌ಪಿ, ತಯಾರಕರ ವಿಳಾಸ, ಯಾವ ದೇಶದ್ದು ಅನ್ನುವುದನ್ನೆಲ್ಲ ತೋರಿಸಬೇಕು ಅಂತ ಹೇಳುವ ಅದೇ ನಿಯಮ ತಯಾರಾದ ತಿಂಗಳು, ವರ್ಷಕ್ಕೆ ಮಾತ್ರ ವಿನಾಯಿತಿ ಕೊಟ್ಟಿದೆ. ಹಾಗಾಗಿ ನಿಮಗೆ ಬೇಕಾದ ಒಂದೇ ಮಾಹಿತಿ ಡಬ್ಬಿ ಮನೆಗೆ ಬರುವವರೆಗೆ ಗೊತ್ತಾಗುವುದಿಲ್ಲ. ಬಂದ ಕೂಡಲೇ ನೋಡಿ. ನಾಲಿಗೆಯ ಲೇಬಲ್‌ನಲ್ಲೂ ಎಷ್ಟೋ ಕಂಪನಿಗಳು ದಿನಾಂಕ ಹಾಕಿರುತ್ತವೆ. ಒಂದೆರಡು ವರ್ಷ ಆಗಿದ್ದರೆ ಚಿಂತೆ ಇಲ್ಲ. ಮೂರು ನಾಲ್ಕು ವರ್ಷ ಆಗಿದ್ದರೆ ನಾನಾದರೆ ವಾಪಸ್ ಕಳಿಸುತ್ತೇನೆ.

ಯಾಕೆ ಅಂದರೆ ಶೂ ಡಬ್ಬಿಯೊಳಗೇ ಹಳತಾಗುತ್ತದೆ. ಓಟದ ಶೂಗಳ ಫೋಮ್ ಹೆಚ್ಚಾಗಿ ಇವಿಎ ಅನ್ನುವ ಹಗುರ ಪ್ಲಾಸ್ಟಿಕ್ ಅಥವಾ ಅದರ ಮಿಶ್ರಣ. ಅದು ಪುಡಿಯಾಗುವುದಿಲ್ಲ, ನಿಧಾನಕ್ಕೆ ಗಟ್ಟಿಯಾಗುತ್ತದೆ, ಪುಟಿಯುವ ಗುಣ ಕಮ್ಮಿಯಾಗುತ್ತದೆ. ಅದಕ್ಕಿಂತ ಮೊದಲು ಕೈಕೊಡುವುದು ಎಷ್ಟೋ ಸಲ ಅಂಟು. ಪಿಯು, ಅಂದರೆ ಪಾಲಿಯುರೆಥೇನ್ ಸೋಲ್ ಇರುವ ಶೂಗಳದ್ದು ಬೇರೆಯೇ ಕಥೆ. ಟ್ರೆಕ್ಕಿಂಗ್ ಶೂ, ಆಫೀಸ್ ಶೂ, ಚಪ್ಪಲಿಗಳಲ್ಲಿ ಇದು ಜಾಸ್ತಿ. ಗಾಳಿಯ ತೇವ ಒಳಸೇರಿ ಸೋಲ್ ನಿಧಾನಕ್ಕೆ ಒಡೆಯುತ್ತದೆ. ಒಂದು ದಿನವೂ ಹಾಕದ ಶೂ ಡಬ್ಬಿಯಿಂದ ತೆಗೆದು ನಾಲ್ಕು ಹೆಜ್ಜೆ ಇಟ್ಟರೆ ಹಳೇ ರಸ್ಕಿನ ಹಾಗೆ ಉದುರಿಬಿಡುತ್ತದೆ. ಉಡುಪಿಯ ಮಳೆಗಾಲ ನೋಡಿದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ.

ಅಂಗಡಿಯಲ್ಲಾದರೆ ಕೈಯಲ್ಲಿ ಹಿಡಿದು ನೋಡಿ. ಸೋಲ್‌ನ ಪಕ್ಕವನ್ನು ಹೆಬ್ಬೆರಳಿನಿಂದ ಒತ್ತಿದರೆ ತಗ್ಗಿ, ಬಿಟ್ಟ ಕೂಡಲೇ ಮೇಲೆ ಬರಬೇಕು. ಕಲ್ಲಿನಂತೆ ಇದ್ದರೆ ಅದೇ ಮಾಡೆಲ್‌ನ ಇನ್ನೊಂದು ಜೊತೆ ಒತ್ತಿ ನೋಡಿ, ಕೆಲವು ಶೂ ಮೊದಲಿನಿಂದಲೇ ಗಟ್ಟಿ ಇರುತ್ತವೆ. ಶೂವನ್ನು ಬೆರಳುಗಳ ಬುಡದ ಹತ್ತಿರ ಬಗ್ಗಿಸಿ. ಆಗ ಸೋಲ್ ಮತ್ತು ಬಟ್ಟೆ ಸೇರುವ ಕಡೆ ಗೆರೆ ಬಾಯಿ ಬಿಟ್ಟರೆ ಅಥವಾ ಒಣಗಿದ ಅಂಟು ಹಳದಿ ಪುಡಿಯಂತೆ ಕಂಡರೆ ಕೆಳಗಿಡಿ, ಬೆಲೆ ಎಷ್ಟಾದರೂ ಇರಲಿ.

ಈಗ ನಿಮ್ಮ ಎರಡು ಶೂಗಳ ಲೆಕ್ಕ ಮಾಡೋಣ. ಓಟದ ಶೂ ಸಾಮಾನ್ಯವಾಗಿ 500ರಿಂದ 800 ಕಿ.ಮೀ. ಬರುತ್ತದೆ ಅನ್ನುತ್ತಾರೆ. ಓಡುವವರ ತೂಕ, ರಸ್ತೆ ನೋಡಿಕೊಂಡು ಇದು ಹಿಂದೆ ಮುಂದೆ ಆಗುತ್ತದೆ. ಮೊದಲನೆಯದು 600 ಬಂತು ಅಂದುಕೊಂಡರೆ ಕಿ.ಮೀ.ಗೆ 10 ರೂಪಾಯಿ. ಎರಡನೆಯದು ಬರೀ 400 ಬಂದರೂ 5 ರೂಪಾಯಿ ಚಿಲ್ಲರೆ. ಅಂದರೆ ಬರೀ ಹಣದ ಲೆಕ್ಕದಲ್ಲಿ ಅಗ್ಗದ್ದೇ ಗೆದ್ದಿತು, ಇದನ್ನು ಮುಚ್ಚಿಟ್ಟು ದುಬಾರಿಯದ್ದೇ ತಗೊಳ್ಳಿ ಅನ್ನುವುದು ಸರಿಯಲ್ಲ. ಇದರಲ್ಲಿ ತೆರಿಗೆಯದ್ದೂ ಪಾಲಿದೆ. 2025ರ ಸೆಪ್ಟೆಂಬರ್ 22ರಿಂದ ಜೊತೆಗೆ 2,500 ರೂಪಾಯಿವರೆಗಿನ ಪಾದರಕ್ಷೆಗೆ ಜಿಎಸ್‌ಟಿ 5 ಪರ್ಸೆಂಟ್, ಅದಕ್ಕಿಂತ ಮೇಲೆ 18. ನಿಮ್ಮ 5,999ರಲ್ಲಿ ಸುಮಾರು 915 ರೂಪಾಯಿ ತೆರಿಗೆಯೇ, 2,099ರಲ್ಲಿ 100 ಮಾತ್ರ.

ಹಾಗಿದ್ದರೂ ನಾನು ಮೊದಲನೆಯದನ್ನೇ ಆರಿಸುತ್ತೇನೆ, ಕಾರಣ ಹಾಫ್ ಮ್ಯಾರಥಾನ್. 21 ಕಿ.ಮೀ. ಓಡುವಾಗ 15 ದಾಟಿದ ಮೇಲೆ ಕಾಲಡಿಯ ಫೋಮ್ ಎಂಥದ್ದು ಅಂತ ಗೊತ್ತಾಗುತ್ತದೆ. ಅಗ್ಗದ ಶೂಗಳಲ್ಲಿ ಸಾಮಾನ್ಯವಾಗಿ ಸಾದಾ ಇವಿಎ ಇರುತ್ತದೆ, ದಿನಕ್ಕೆ ಐದು ಕಿ.ಮೀ.ಗೆ ಅದು ಧಾರಾಳವಾಗಿ ಸಾಕು. ನೀವು ಐದೈದೇ ಓಡುವವರಾಗಿದ್ದರೆ ಎರಡನೆಯದನ್ನು ತಗೊಳ್ಳಿ ಅಂತಲೇ ಹೇಳುತ್ತಿದ್ದೆ. ಒಂದು ಮಾತು: ಕಟ್ ಸೈಜ್‌ನಲ್ಲಿ ನಿಮ್ಮ ಸೈಜ್ ಸಿಗದೆ ಅರ್ಧ ಸೈಜ್ ಚಿಕ್ಕದು ಮಾತ್ರ ಉಳಿದಿದ್ದರೆ ಬಿಟ್ಟುಬಿಡಿ. ದೂರ ಓಡುವಾಗ ಪಾದ ಊದುತ್ತದೆ, ಹೆಬ್ಬೆರಳಿನ ಉಗುರು ಕಪ್ಪಾಗುತ್ತದೆ.

ಎರಡನೇ ಜೊತೆ ಎತ್ತಿಡುವುದು ನಿಮ್ಮ ವಿಷಯದಲ್ಲಿ ಸರಿಯೇ. ವಾರಕ್ಕೆ 20 ಕಿ.ಮೀ. ಅಂದರೆ 600 ಕಿ.ಮೀ. 30 ವಾರದಲ್ಲಿ ಮುಗಿಯುತ್ತದೆ, ತಯಾರಿ ಜೋರಾದರೆ ಇನ್ನೂ ಬೇಗ. ಅಷ್ಟರೊಳಗೆ ಎರಡನೆಯದು ಕೆಡುವುದಿಲ್ಲ, ಡಬ್ಬಿಯ ಮೇಲಿನ ವರ್ಷ ಮಾತ್ರ ಸರಿ ಇರಬೇಕು. ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿಡಬೇಡಿ, ಬಿಸಿಲಲ್ಲಿ ನಿಲ್ಲುವ ಕಾರಿನ ಡಿಕ್ಕಿಯಲ್ಲೂ ಬೇಡ. ಆದರೆ ಮೊದಲು ಒಂದೇ ಜೊತೆ ತರಿಸಿ, ಮನೆಯೊಳಗೇ ಹಾಕಿಕೊಂಡು ಓಡಾಡಿ, ಕಾಲಿಗೆ ಹೊಂದಿದರೆ ಇನ್ನೊಂದಕ್ಕೆ ಆರ್ಡರ್ ಮಾಡಿ.

ವಾಪಸ್ ಇಲ್ಲ ಅನ್ನುವ ಬೋರ್ಡಿನ ಬಗ್ಗೆ. ಬಣ್ಣ ಹಿಡಿಸಲಿಲ್ಲ, ಸೈಜ್ ತಪ್ಪಾಯಿತು ಅಂದರೆ ಅಂಗಡಿಯ ನಿಯಮದಂತೆ ನಡೆಯಬೇಕಾಗುತ್ತದೆ. ಆದರೆ ಮಾಲಿನಲ್ಲೇ ದೋಷ ಇದ್ದರೆ ಸೇಲ್ ಆಗಲಿ ಮತ್ತೊಂದಾಗಲಿ ನೆಪ ಅಲ್ಲ. ದೋಷ ಇರುವ ಮಾಲನ್ನು ಬಿಲ್‌ನಲ್ಲಿ ಹೇಳಿದ ಅವಧಿಯೊಳಗೆ, ಅವಧಿ ಹೇಳಿರದಿದ್ದರೆ 30 ದಿನದೊಳಗೆ ವಾಪಸ್ ತಗೊಳ್ಳಲು ನಿರಾಕರಿಸುವುದು 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯ ಪ್ರಕಾರ ಅನುಚಿತ ವ್ಯಾಪಾರ. ಅದಕ್ಕೇ ಶೂ ಬಂದ ಮೇಲೆ ಸುಮ್ನೆ ಅಟ್ಟದಲ್ಲಿ ಇಡದೆ, ಆ 30 ದಿನದೊಳಗೆ ಒಂದೆರಡು ಸಲ ಓಡಿ ನೋಡಿ. ಬಿಲ್ ಮತ್ತು ಡಬ್ಬಿಯ ಲೇಬಲ್‌ನ ಫೋಟೋ ತೆಗೆದಿಟ್ಟುಕೊಳ್ಳಿ. ಸೋಲ್ ಬಿಟ್ಟುಕೊಂಡು ಅಂಗಡಿಯವರು ಕೈಚೆಲ್ಲಿದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಫೋನ್ ಮಾಡಿ, ಆ ಎರಡು ಫೋಟೋ ಆಗ ಬೇಕಾಗುತ್ತವೆ.

– ಸಂಪಾದಕ